ಮೊದಲ ದಿನದ ಕತೆಯಲ್ಲಿ ಮಗು ಮಾತನಾಡಬೇಕೆ?

ಹೊರನಾಡ ಕನ್ನಡ ಸಂಘಗಳ ಸಂಚಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಕತೆಯೊಂದುಂಟು. ಊರಿನಿಂದ ಬಂದ ಮಗು ಹೊಸ ದೇಶದ ಶಾಲೆಗೆ ಮೊದಲ ದಿನ ಹೋಗುತ್ತದೆ. ಬೆಳಿಗ್ಗೆ ಅಮ್ಮನ ಸೆರಗು ಹಿಡಿದು ಅಳುತ್ತದೆ. ಮಧ್ಯಾಹ್ನ ಪಕ್ಕದ ಹುಡುಗ ತನ್ನ ಡಬ್ಬಿಯ ತಿಂಡಿ ಹಂಚಿಕೊಳ್ಳುತ್ತಾನೆ. ಸಂಜೆ ಮಗು ನಗುನಗುತ್ತ, ಇಂಗ್ಲಿಷಿನಲ್ಲಿ ಎರಡು ಮಾತು ಕಲಿತು ಮನೆಗೆ ಮರಳುತ್ತದೆ. ಓದಿದವರಿಗೆ ಸಂತೋಷವಾಗುತ್ತದೆ. ಆದರೂ ಈ ಕತೆಯ ಬಗೆಗೆ ನಮಗೊಂದು ತಕರಾರಿದೆ. ಅದರ ಕೊನೆ ನಿಜವಲ್ಲ. ಮತ್ತು ಆ ಸುಳ್ಳನ್ನು ತಂದೆತಾಯಿಗಳು ಅಳತೆಗೋಲಾಗಿ ಹಿಡಿಯುತ್ತಾರೆ.

ಮೊದಲು ಸಣ್ಣ ವಿಷಯವೊಂದನ್ನು ಹೇಳಿಬಿಡುತ್ತೇವೆ. ಇಂಥ ಕತೆಗಳಲ್ಲಿ ಅನೇಕ ವೇಳೆ ಜೂನ್ ತಿಂಗಳ ಮಳೆ, ಹೊಸ ಕೊಡೆ, ಸೋಮವಾರದ ಬೆಳಗು ಬರುತ್ತವೆ. ಅದು ಮಗುವಿನ ಮೊದಲ ದಿನವಲ್ಲ, ಬರೆದವರದು. ಕತಾರಿನ ಭಾರತೀಯ ಶಾಲೆಗಳಲ್ಲಿ ಹೊಸ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಇಲ್ಲಿ ಶುಕ್ರವಾರ, ಶನಿವಾರ ರಜೆ. ವಾರ ತೊಡಗುವುದೇ ಭಾನುವಾರ. ಊರಿನಲ್ಲಿ ಭಾನುವಾರವೆಂದರೆ ಆಟದ ದಿನ ಎಂದು ತಿಳಿದ ಮಗುವಿಗೆ ಆ ದಿನ ಸಮವಸ್ತ್ರ ತೊಡಿಸಿ ಬಸ್ಸು ಹತ್ತಿಸಿದರೆ, ಹೊಸ ದೇಶ ಎಂಬ ಮಾತಿನ ಅರ್ಥ ಅದಕ್ಕೆ ಆಗುವುದು ಅಲ್ಲಿಯೇ. ಮಳೆಗಿಂತ ಇದು ಒಳ್ಳೆಯ ಆರಂಭ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳನ್ನು ತರಗತಿಯಲ್ಲಿ ಕುಳಿತು ಗಮನಿಸಿದ ಪ್ಯಾಟನ್ ಟೇಬರ್ಸ್ ಎಂಬ ಅಮೆರಿಕದ ಶಿಕ್ಷಣತಜ್ಞೆ 1997ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ನಾಲ್ಕು ಹಂತ. ಮೊದಲು ಮಗು ಮನೆಯ ಮಾತಿನಲ್ಲಿಯೇ ಎಲ್ಲರೊಡನೆ ಮಾತಾಡಿ ನೋಡುತ್ತದೆ. ಅದು ನಡೆಯುವುದಿಲ್ಲವೆಂದು ತಿಳಿದಾಗ ಸುಮ್ಮನಾಗುತ್ತದೆ. ಕೈಸನ್ನೆಯಿಂದ, ನೋಟದಿಂದ ಕೆಲಸ ಸಾಗಿಸುತ್ತದೆ. ಅನಂತರ ಒಂದೆರಡು ಪದ, ಬಾಯಿಪಾಠದಂಥ ಚಿಕ್ಕ ವಾಕ್ಯ ಹೊರಬೀಳುತ್ತವೆ. ಕೊನೆಗೆ ತನ್ನದೇ ವಾಕ್ಯ ಕಟ್ಟುತ್ತದೆ. ಅವರು ನೋಡಿದ್ದು ಶಿಶುವಿಹಾರದ ಮಕ್ಕಳನ್ನು. ಆದರೆ ಈ ಮೌನ ಅದಕ್ಕಿಂತ ದೊಡ್ಡ ಮಕ್ಕಳಲ್ಲಿಯೂ ಉಂಟು. ಕೆಲವರಲ್ಲಿ ಅದು ಕೆಲವು ವಾರ, ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹಾಗಿರುವಾಗ ಮೊದಲ ದಿನದ ಸಂಜೆಗೇ ಇಂಗ್ಲಿಷ್ ಮಾತಾಡಿಸುವ ಕತೆ ಎರಡು ಹಂತಗಳನ್ನು ನುಂಗಿಹಾಕಿರುತ್ತದೆ.

ಮೌನವೆಂದರೆ ಏನೂ ನಡೆಯುತ್ತಿಲ್ಲವೆಂದು ಅರ್ಥವಲ್ಲ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅಯೋಡಿನ್ ಗಡಿಯಾರವೆಂಬ ಪ್ರಯೋಗವನ್ನು ನಾವು ವಿದ್ಯಾರ್ಥಿಗಳಿಗೆ ತೋರಿಸುವುದುಂಟು. ನೀರಿನಂತೆ ತಿಳಿಯಾದ ಎರಡು ದ್ರಾವಣಗಳನ್ನು ಬೆರೆಸುತ್ತೇವೆ. ಸ್ವಲ್ಪ ಹೊತ್ತು ಯಾವ ಬದಲಾವಣೆಯೂ ಕಾಣುವುದಿಲ್ಲ. ಬಳಿಕ ಇದ್ದಕ್ಕಿದ್ದಂತೆ ಎಲ್ಲವೂ ಕಡುನೀಲಿ. ಆದರೆ ಕ್ರಿಯೆ ಮೊದಲ ಕ್ಷಣದಿಂದಲೂ ನಡೆಯುತ್ತಲೇ ಇತ್ತು. ಹುಟ್ಟಿದ ಅಯೋಡಿನ್ ಒಳಗೊಳಗೇ ಖರ್ಚಾಗುತ್ತಿದ್ದುದರಿಂದ ಬಣ್ಣ ಕಾಣಲಿಲ್ಲ, ಅಷ್ಟೆ. ಮಗುವಿನ ಮೌನವನ್ನು ಕತೆಗಾರರು ಹೀಗೆ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಮಾತಾಡದ ಮಗುವಿನ ಕತೆಯಲ್ಲಿ ನಡೆಯುವುದಾದರೂ ಏನು ಎಂದು ಕೇಳಬಹುದು. ಒಂದು ಉದಾಹರಣೆ ಕಟ್ಟಿ ನೋಡೋಣ. ಊರಿನ ಕನ್ನಡ ಶಾಲೆಯಿಂದ ಬಂದ ಆರು ವರ್ಷದ ಹುಡುಗಿ ದೋಹಾದ ಒಂದು ಭಾರತೀಯ ಶಾಲೆಯ ಒಂದನೆಯ ತರಗತಿಯಲ್ಲಿ ಕುಳಿತಿದ್ದಾಳೆ. ಟೀಚರ್ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಮಲಯಾಳ, ಪಕ್ಕದಲ್ಲಿ ಹಿಂದಿ. ಬೆಳಿಗ್ಗೆ ಅವಳು ಪಕ್ಕದವಳನ್ನು ಕನ್ನಡದಲ್ಲಿಯೇ “ನಿನ್ನ ಹೆಸರೇನೇ?” ಎಂದು ಕೇಳುತ್ತಾಳೆ. ಉತ್ತರವಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೇಳುತ್ತಾಳೆ. ಆ ಮೇಲೆ ಕೇಳುವುದನ್ನೇ ಬಿಡುತ್ತಾಳೆ. ಕತೆಯ ಮೊದಲ ಪೆಟ್ಟು ಇದು. ಇದಕ್ಕೆ ಕಣ್ಣೀರು ಬೇಕಿಲ್ಲ.

ಎರಡನೆಯದು ಇನ್ನೂ ಸಣ್ಣದು, ಆದರೆ ಮಗುವಿಗೆ ದಿನದ ಅತಿ ದೊಡ್ಡ ಸಂಗತಿ. ಅವಳಿಗೆ ಒಂದಕ್ಕೆ ಹೋಗಬೇಕಾಗಿದೆ. ಹೇಳುವುದು ಹೇಗೆ? ಊರಿನಲ್ಲಿ ಕಿರುಬೆರಳು ಎತ್ತಿದರೆ ಸಾಕಿತ್ತು. ಇಲ್ಲಿ ಅದು ನಡೆಯುತ್ತದೋ ಇಲ್ಲವೋ ತಿಳಿಯದು. ಬೇರೆ ಮಕ್ಕಳು ಏನು ಮಾಡುತ್ತಾರೆಂದು ಕಾಯುತ್ತಾಳೆ. ಒಬ್ಬ ಹುಡುಗ ಎದ್ದು ಏನೋ ಹೇಳಿ ಹೊರಗೆ ಹೋದಾಗ, ಅವಳೂ ಎದ್ದು ಬಾಗಿಲಿನ ಕಡೆ ಕೈ ತೋರಿಸುತ್ತಾಳೆ. ಟೀಚರ್ ತಲೆಯಾಡಿಸುತ್ತಾರೆ. ಒಂದು ಪದವೂ ಇಲ್ಲದೆ ಅವಳು ಗೆದ್ದಳು.

ಮೂರನೆಯದು ಅರಬ್ಬಿ ಪಾಠ. ಕತಾರಿನ ಭಾರತೀಯ ಶಾಲೆಗಳಲ್ಲಿ ನಮ್ಮ ಮಕ್ಕಳೂ ಅರಬ್ಬಿ ಕಲಿಯುತ್ತಾರೆ. ಬರಹ ಬಲದಿಂದ ಎಡಕ್ಕೆ ಹೋಗುವುದನ್ನು ಅವಳು ಬೆರಗಿನಿಂದ ನೋಡುತ್ತಾಳೆ. ಅರಬ್ಬಿಯ ಐದು ಎಂಬ ಅಂಕಿ ಅವಳ ಕಣ್ಣಿಗೆ ನಮ್ಮ ಸೊನ್ನೆಯೇ. ಅವರ ಸೊನ್ನೆಯೋ ಬರಿಯ ಒಂದು ಚುಕ್ಕೆ. ತಲೆ ಕೆಡುವಷ್ಟರಲ್ಲಿ ಟೀಚರ್ ಚಿತ್ರವೊಂದನ್ನು ತೋರಿಸಿ “ಕುರ್ಸಿ” ಎನ್ನುತ್ತಾರೆ. ಹುಡುಗಿ ತಟ್ಟನೆ ತಾನು ಕುಳಿತ ಕುರ್ಚಿಯನ್ನು ಮುಟ್ಟಿ ನೋಡುತ್ತಾಳೆ. ನಮ್ಮ ಕುರ್ಚಿ ಅರಬ್ಬಿ ಮೂಲದ ಪದವೆಂಬುದು ಅವಳಿಗೆ ತಿಳಿಯದು. ಈ ಅಪರಿಚಿತ ಸದ್ದುಗಳ ನಡುವೆ ತನ್ನ ಮನೆಯ ಪದವೊಂದು ಮೊದಲೇ ಬಂದು ಕುಳಿತಿದೆಯೆಂದಷ್ಟೇ ತಿಳಿಯುತ್ತದೆ. ಕತೆ ಇಲ್ಲಿಗೆ ಮುಗಿಯಬಹುದು. ಅವಳು ಬಾಯಿ ಬಿಡಬೇಕಾಗಿಲ್ಲ.

ಸಂಜೆಯ ಭಾಗ ಬರೆಯುವುದಾದರೆ ಅದು ತಂದೆತಾಯಿಗಳ ಕತೆ. “ಟೀಚರ್ ಏನು ಕೇಳಿದರು? ನೀನು ಏನು ಹೇಳಿದೆ?” ಎಂದು ಅವರು ಕೇಳುತ್ತಾರೆ. “ಏನೂ ಇಲ್ಲ” ಎಂಬುದು ಉತ್ತರ. ಎರಡು ವಾರ ಇದೇ ಉತ್ತರ ಬಂದಾಗ ಮನೆಯಲ್ಲಿ ಗಾಬರಿ ಹುಟ್ಟುತ್ತದೆ. ‘ಇನ್ನು ಮನೆಯಲ್ಲಿಯೂ ಇಂಗ್ಲಿಷೇ ಮಾತಾಡೋಣ’ ಎಂಬ ತೀರ್ಮಾನ ಎಷ್ಟೋ ಸಂಸಾರಗಳಲ್ಲಿ ಆಗುವುದು ಈ ಘಟ್ಟದಲ್ಲಿಯೇ. ಆಗ ಮಗುವಿಗೆ ಸಲೀಸಾಗಿ ಮಾತಾಡಲು ಉಳಿದಿದ್ದ ಒಂದು ಸ್ಥಳವೂ ಹೋಗುತ್ತದೆ. ಮನೆಯ ಮಾತು ಕನ್ನಡವಿರಲಿ, ತುಳು, ಕೊಂಕಣಿ, ಬ್ಯಾರಿ ಇರಲಿ, ಶಾಲೆಯಲ್ಲಿ ಮೌನವಾದ ಮಗು ದಿನವಿಡೀ ಕೂಡಿಟ್ಟದ್ದನ್ನು ಸುರಿಯುವುದು ಅದರಲ್ಲಿಯೇ. ಬೇಕಾದರೆ ನೀರು ಕೇಳಲು, ಹೊರಗೆ ಹೋಗಲು, ತಿಳಿಯಲಿಲ್ಲವೆನ್ನಲು ಮೂರು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಸೋಣ. ಅಷ್ಟು ಸಾಕು.

ಎಲ್ಲ ಮೌನವೂ ಇದೇ ಬಗೆಯದೆಂದು ನಾವು ಹೇಳುತ್ತಿಲ್ಲ. ಗುರುತಿಸುವುದು ಕಷ್ಟವಲ್ಲ. ಮನೆಯಲ್ಲಿ ಮೊದಲಿನಂತೆ ಹರಟುತ್ತಿದ್ದು, ಶಾಲೆಯಲ್ಲಿ ಸನ್ನೆ ಮಾಡುತ್ತ, ಬೇರೆಯವರನ್ನು ಗಮನಿಸುತ್ತ, ಆಟಕ್ಕೆ ಸೇರುತ್ತಿರುವ ಮಗುವಿನ ಬಗೆಗೆ ಹೆದರಬೇಕಾಗಿಲ್ಲ. ಮನೆಯಲ್ಲಿಯೂ ಮಾತು ಕಡಿಮೆಯಾದರೆ, ಹೆಸರು ಕೂಗಿದರೆ ತಿರುಗದಿದ್ದರೆ, ಅಥವಾ ಭಾಷೆ ಚೆನ್ನಾಗಿ ಅರ್ಥವಾಗತೊಡಗಿದ ಮೇಲೂ ಹೆದರಿಕೆಯಿಂದ ಬಾಯಿ ಕಟ್ಟಿಯೇ ಇದ್ದರೆ ವೈದ್ಯರಿಗೆ ತೋರಿಸಬೇಕು. ಕಿವಿಯ ಪರೀಕ್ಷೆಯೂ ಆಗಬೇಕು. ಮಾತಾಡಲೊಲ್ಲದ ಆತಂಕದ ಕಾಯಿಲೆಯೊಂದುಂಟು. ಅದನ್ನು ಗುರುತಿಸುವಾಗ ಶಾಲೆಯ ಮೊದಲ ತಿಂಗಳ ಮೌನವೊಂದನ್ನೇ ವೈದ್ಯರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಥ ರಿಯಾಯಿತಿಯನ್ನು ಕತೆಗಾರರು ಒಂದು ದಿನಕ್ಕಾದರೂ ಕೊಡಬೇಡವೆ?

ಆದುದರಿಂದ ಕತೆ ಬರೆಯುವ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಸಂಚಿಕೆಗೆ ಮೊದಲ ದಿನದ ಕತೆ ಕಳುಹಿಸುವುದಾದರೆ ಭಾನುವಾರದಿಂದ ಆರಂಭಿಸಿರಿ, ಮಳೆಯನ್ನು ಊರಿನಲ್ಲಿಯೇ ಬಿಡಿರಿ, ಮಗುವನ್ನು ಸುಮ್ಮನಿರಗೊಡಿರಿ. ಅದು ಏನನ್ನು ನೋಡಿತು, ಯಾವ ಸದ್ದಿಗೆ ತಲೆಯೆತ್ತಿತು ಎಂದು ಬರೆಯಿರಿ. ಅಂಥ ಕತೆ ಓದಿದ ಮನೆಯಲ್ಲಿ ಆ ಸಂಜೆ ಒಂದು ಮಗುವಿಗಾದರೂ ಪ್ರಶ್ನೆಗಳ ಕಾಟ ತಪ್ಪೀತು.