ಬಿಲ್ ತಿದ್ದೋ ಪಂಡಿತರಿಗೆ

"ಆನ್‌ಲೈನಲ್ಲಿ ಕ್ರೀಮು, ಶಾಂಪೂ ಮಾರೋಕೆ ಅನುಮತಿ ಸಿಗ್ತಿಲ್ವಾ? ಬಿಲ್ ಸ್ವಲ್ಪ ತಿದ್ದಿ ಹಾಕಿ ಮಾರಾಯ್ರೇ, ಯಾರು ನೋಡ್ತಾರೆ?" ಅಂತ ಉಪದೇಶ ಮಾಡೋ ಪಂಡಿತರು ಜಾಸ್ತಿಯಾಗಿದ್ದಾರೆ. ಯಾರು ನೋಡ್ತಾರೆ ಅಂತ ನಾನು ಹೇಳ್ತೀನಿ ಕೇಳಿ.

ಒಬ್ಬ ಅಂಗಡಿಯವರು ಡಿಸ್ಟ್ರಿಬ್ಯೂಟರ್ ಹತ್ರ 600 ರೂಪಾಯಿಗೆ 3 ಡಬ್ಬ ಕ್ರೀಮು ಕೊಂಡರು ಅಂದ್ಕೊಳ್ಳಿ. ಮಾರಾಟದ ತಾಣ ಕೇಳ್ತಿರೋದು 10 ಡಬ್ಬದ ಇನ್‌ವಾಯ್ಸು. ಪಂಡಿತರು 3ನ್ನು 30 ಮಾಡಿ, 600ನ್ನು 6000 ಮಾಡಿಕೊಡ್ತಾರೆ. ಆದರೆ ವರ್ಷಕ್ಕೆ 5 ಕೋಟಿಗಿಂತ ಹೆಚ್ಚು ವಹಿವಾಟಿರೋ ಡಿಸ್ಟ್ರಿಬ್ಯೂಟರು ಇನ್ನೊಬ್ಬ ವ್ಯಾಪಾರಿಗೆ ಕೊಡೋದು 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸೇ. ಅದರ ಕ್ಯೂಆರ್ ಕೋಡಿನೊಳಗೆ ಇಬ್ಬರ ಜಿಎಸ್‌ಟಿ ನಂಬರು, ದಿನಾಂಕ, ಮೊತ್ತ ಎಲ್ಲಾ ಡಿಜಿಟಲ್ ಸಹಿಯೊಂದಿಗೆ ಕೂತಿರುತ್ತೆ. ಫೋಟೋಶಾಪಿಗೆ ಅದು ಬಗ್ಗಲ್ಲ. ಸ್ಕ್ಯಾನ್ ಮಾಡಿದರೆ 600 ಅಂತಲೇ ಬರುತ್ತೆ. ಕೋಡಿಲ್ಲದ ಬಿಲ್ಲಾದರೆ ಡಿಸ್ಟ್ರಿಬ್ಯೂಟರಿಗೆ ಒಂದು ಫೋನ್ ಸಾಕು. ಆಮೇಲೆ ಅರ್ಜಿಯಷ್ಟೇ ಅಲ್ಲ, ಖಾತೆಯೂ ಹೋಗಬಹುದು.

ಬ್ರಾಂಡ್ ಪತ್ರದ ಕಥೆಯೂ ಇದೇ. ಮಾರೋಕೆ ಒಪ್ಪಿಗೆ ಕೊಡಬೇಕಾದವರು ಟ್ರೇಡ್‌ಮಾರ್ಕಿನ ಒಡೆಯರು. ಡಿಸ್ಟ್ರಿಬ್ಯೂಟರು ಬರೆದುಕೊಟ್ಟರೆ, ಅವರಿಗೆ ಆ ಅಧಿಕಾರ ಕೊಟ್ಟ ಒಡೆಯರ ಪತ್ರವೂ ಜೊತೆಗಿರಬೇಕು.

"ಹತ್ತು ಡಬ್ಬಕ್ಕೆ 2000 ದಂಡ" ಅಂತೀರಾ? ದಂಡ ಯಾಕ್ರೀ? ಅನುಮತಿ ಸಿಗದಿದ್ದರೂ ಆ ಡಬ್ಬಗಳು ಅಂಗಡಿಯಲ್ಲಿ ಮಾರಾಟವಾಗುತ್ತವೆ. ಹೊಸ ತಾರೀಖಿನ ಇನ್‌ವಾಯ್ಸು, ಖಾತೆಯಲ್ಲಿರೋ ಹೆಸರು-ವಿಳಾಸವೇ ಅಕ್ಷರಶಃ ಅದರಲ್ಲೂ ಇರಲಿ, ಅಷ್ಟೇ. ಸುಳ್ಳು ಬಿಲ್ಲನ್ನ ಎಲ್ಲಿ ಮಾರ್ತೀರಿ?

ನೀವೇನಂತೀರಿ?