ಅರುವತ್ತು ಸಾಲಿನ ಈಮೇಲು, ನಾಲ್ಕು ಸಾಲಿನ ಕೆಲಸ

ಸದಸ್ಯ ಬಾಂಧವರು ಕಛೇರಿಗೆ ಬರೆಯುವ ಈಮೇಲುಗಳಲ್ಲಿ ಬೇಡಿಕೆಗಿಂತ ಪೀಠಿಕೆಯೇ ದೊಡ್ಡದಾಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ. ಕಳೆದ ಮೇ ತಿಂಗಳಲ್ಲಿ ಬಂದ ಒಂದು ಪತ್ರ ಅರುವತ್ತು ಸಾಲಿನದು. ಹಿಂದಿನ ವರ್ಷದ ಕೊಳೆರೋಗ, ಮದ್ದು ಹೊಡೆಯುವವರ ಅಭಾವ, ಜೀಪಿನ ಬಾಡಿಗೆ ಎಲ್ಲವೂ ಅದರಲ್ಲಿದ್ದುವು. ನಲವತ್ತನೆಯ ಸಾಲಿನಲ್ಲಿ, "ಎರಡು ಚೀಲ ಮೈಲುತುತ್ತ ಮಳೆಗೆ ಮುಂಚೆ ಸಿಕ್ಕಿದರೆ ಒಳ್ಳೆಯದಿತ್ತು" ಎಂದಿತ್ತು. 25 ಕಿಲೋ ಚೀಲವೋ 50 ಕಿಲೋದ್ದೋ ತಿಳಿಯಲಿಲ್ಲ. ಕೇಳೋಣವೆಂದರೆ ತೋಟದಲ್ಲಿ ಫೋನು ಸಿಗದು. ನಾಲ್ಕು ದಿನ ಹೀಗೆಯೇ ಕಳೆಯಿತು, ಮಳೆ ಕಾಯಲಿಲ್ಲ.

ಕಳುಹಿಸುವ ಮುಂಚೆ ಬರೆದುದನ್ನು ಒಮ್ಮೆ ಓದಿ, ಯಾರಾದರೂ ಏನಾದರೂ ಮಾಡಬೇಕಾದ ವಾಕ್ಯಗಳನ್ನಷ್ಟೇ ಆರಿಸಿಕೊಳ್ಳಬೇಕು. ಪ್ರತಿಯೊಂದಕ್ಕೂ ಯಾರು, ಏನು, ಎಷ್ಟು, ಯಾವ ತಾರೀಕಿನೊಳಗೆ ಎಂಬುದನ್ನು ಸೇರಿಸಬೇಕು. ಆಗ ಆ ಪತ್ರ ಇಷ್ಟಾಗುತ್ತಿತ್ತು:

ವಿಷಯ: ಮೈಲುತುತ್ತ 50 ಕಿಲೋ, ಮೇ 25ರೊಳಗೆ
1. ಸಂಘ: ದರವನ್ನು ಮೇ 20ರೊಳಗೆ ತಿಳಿಸುವುದು.
2. ಸಂಘ: 25 ಕಿಲೋದ ಎರಡು ಚೀಲ ತೆಗೆದಿರಿಸುವುದು.
3. ನಾನು: ಮೇ 24ರಂದು ಹಣ ಕಟ್ಟಿ ಒಯ್ಯುವುದು.

"ಮಳೆಗೆ ಮುಂಚೆ" ಎಂಬುದು ತಾರೀಕಲ್ಲ, "ಚೀಲ" ತೂಕವಲ್ಲ. ಆದರೆ ಕಿರಿದಾಗಿಸುವ ಭರದಲ್ಲಿ ಷರತ್ತು ಬಿಟ್ಟುಹೋಗಬಾರದು. "ದರ ಏರಿದ್ದರೆ ಒಂದೇ ಚೀಲ ಸಾಕು" ಎಂಬ ಮಾತು ಮೂಲದಲ್ಲಿದ್ದರೆ, ಅದು ಎರಡನೆಯ ಸಾಲಿನಲ್ಲೇ ಉಳಿಯಬೇಕು. ಇಲ್ಲವಾದರೆ ಬೇಡದ ಚೀಲಕ್ಕೆ ಹಣ ಕಟ್ಟಬೇಕಾದೀತು. ಕೊಳೆರೋಗದ ಕಥೆಯನ್ನು ಕೊನೆಗೆ ಬರೆಯಿರಿ. ಬಿಡುವಾದಾಗ ಅದನ್ನೂ ಓದುತ್ತೇವೆ.