ಮೊದಲು ನೀರು, ಆಮೇಲೆ ಆಟೊ

ಮಾನ್ಯ ಆಯುಕ್ತರು,
ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ಬೆಂಗಳೂರು, ಇವರಿಗೆ

ವಿಷಯ: ನಾಯಿಗಳ ಶಾಖಾಘಾತದ ಕುರಿತು ಬೇಸಿಗೆಗೆ ಮುನ್ನ ಸೂಚನೆ ಹೊರಡಿಸುವ ಬಗ್ಗೆ

ಮಾನ್ಯರೇ,

ನಾನು ಕಲಬುರಗಿಯಲ್ಲಿ ನೆಲೆಸಿರುವ ನಿವೃತ್ತ ಪಶುವೈದ್ಯ. ಕಳೆದ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಪರಿಚಯದ ಕುಟುಂಬವೊಂದು ತಮ್ಮ ಪಗ್ ನಾಯಿಯನ್ನು ಆಟೊದಲ್ಲಿ ನಮ್ಮ ಮನೆಗೆ ತಂದಿತು. ಮಾಳಿಗೆಯ ತಗಡಿನ ಶೆಡ್ಡಿನಲ್ಲಿ ಕಟ್ಟಿದ್ದ ನಾಯಿ ಊಟದ ಹೊತ್ತಿಗೆ ಕುಸಿದು ಬಿದ್ದಿತ್ತು. ಒದ್ದೆ ಟವೆಲಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, ಊರೆಲ್ಲ ವೈದ್ಯರನ್ನು ಹುಡುಕಿ ನನ್ನಲ್ಲಿಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಟವೆಲ್ ಬಿಚ್ಚಿದರೆ ಒಳಗಿನಿಂದ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ 108 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಆರೋಗ್ಯವಂತ ನಾಯಿಯ ಮೈಶಾಖ 101ರಿಂದ 102.5.

ಮನೆಯವರ ಪ್ರೀತಿಗೇನೂ ಕಡಿಮೆಯಿಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದೇ: ಶಾಖಾಘಾತದಲ್ಲಿ ಚಿಕಿತ್ಸೆ ಶುರುವಾಗಬೇಕಾದದ್ದು ನಾಯಿ ಬಿದ್ದ ಜಾಗದಲ್ಲೇ, ಆಸ್ಪತ್ರೆಯಲ್ಲಲ್ಲ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ತಂಡ 2016ರಿಂದ 2018ರ ನಡುವಿನ ಪ್ರಕರಣಗಳನ್ನು ಪರಿಶೀಲಿಸಿದಾಗ, ಆಸ್ಪತ್ರೆಗೆ ಹೊರಡುವ ಮುನ್ನ ಮೈ ತಂಪು ಮಾಡಿದ್ದು ಸುಮಾರು ಐದರಲ್ಲಿ ಒಂದು ನಾಯಿಗಷ್ಟೇ ಎಂದು ಕಂಡುಬಂತು. ಅಲ್ಲಿಯೇ ಹೀಗಾದರೆ ನಮ್ಮಲ್ಲಿ ಹೇಗಿರಬಹುದು?

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಒಳಗಿನ ಕಾವನ್ನು ಹೊರಹಾಕಬೇಕು. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ತಳಿಗಳಿಗೆ ಆ ದಾರಿಯೇ ಕಿರಿದು. ಸುತ್ತಿದ ಟವೆಲ್ ಸ್ವಲ್ಪ ಹೊತ್ತಿನಲ್ಲೇ ಮೈಯಷ್ಟೇ ಬಿಸಿಯಾಗಿ, ಗಾಳಿಯನ್ನೂ ತಡೆದು, ಕಂಬಳಿಯ ಕೆಲಸ ಮಾಡುತ್ತದೆ.

ಮಾಡಬೇಕಾದದ್ದು ಇಷ್ಟು. ನಾಯಿಯನ್ನು ನೆರಳಿಗೆ ತಂದು, ಮೈಮೇಲೆ, ಹೊಟ್ಟೆಗೆ, ತೊಡೆಸಂದಿಗೆ ನೀರು ಸುರಿಯುತ್ತಲೇ ಇರಬೇಕು. ಜೊತೆಗೆ ಫ್ಯಾನ್ ಹಾಕಬೇಕು. ನೀರು ಆರುವಾಗಲೇ ಕಾವು ಇಳಿಯುವುದು. ಐಸ್ ಹುಡುಕುತ್ತ ಕೂರಬೇಕಿಲ್ಲ, ಮೈಗಿಂತ ತಣ್ಣಗಿರುವ ಯಾವ ನೀರಾದರೂ ಸರಿ. ಆದರೆ ನಮ್ಮ ಕಡೆ ಮೇ ತಿಂಗಳಲ್ಲಿ ಓವರ್‌ಹೆಡ್ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಸಂಪಿನ ನೀರನ್ನೇ ಎತ್ತಿಕೊಳ್ಳಬೇಕು. ಎಚ್ಚರವಿದ್ದರೆ ಬಟ್ಟಲಲ್ಲಿ ನೀರಿಟ್ಟು ತಾನಾಗಿ ಕುಡಿಯಲು ಬಿಡಬಹುದು. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇದು ಜ್ವರವಲ್ಲ, ಆದ್ದರಿಂದ ಪ್ಯಾರಾಸಿಟಮಾಲ್ ಕೊಡಲೇಬಾರದು. ಅದು ಶಾಖ ಇಳಿಸುವುದಿಲ್ಲ, ನಾಯಿಗೆ ವಿಷವೂ ಆದೀತು. ಶಾಖ 103.5ಕ್ಕೆ ಬಂದೊಡನೆ ನೀರು ನಿಲ್ಲಿಸಬೇಕು. ಇಲ್ಲದಿದ್ದರೆ ಮೈ ಬೇಕಾದ್ದಕ್ಕಿಂತ ತಣ್ಣಗಾಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಏದುಸಿರು ತಗ್ಗಿದಾಗ ಅಥವಾ ನಡುಕ ಕಂಡಾಗ ನಿಲ್ಲಿಸಬಹುದು.

ಆ ಪಗ್‌ನ ಶಾಖ ನಮ್ಮ ಅಂಗಳದಲ್ಲಿ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಅದು ಎದ್ದು ಕೂತಿತು, ಬಾಲವನ್ನೂ ಆಡಿಸಿತು. ಮನೆಯವರು ನಿಟ್ಟುಸಿರುಬಿಟ್ಟರು. ನಾನು ಒತ್ತಾಯ ಮಾಡಿ ಖಾಸಗಿ ಚಿಕಿತ್ಸಾಲಯಕ್ಕೆ ಕಳಿಸಿದೆ. ರಾತ್ರಿ ರಕ್ತಭೇದಿ ಶುರುವಾಯಿತು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಎದ್ದವು. ಮರುದಿನ ಡ್ರಿಪ್ ಹಾಕಿದ್ದಂತೆಯೇ ಜೀವ ಬಿಟ್ಟಿತು. ಆ ಮುಕ್ಕಾಲು ಗಂಟೆಯಲ್ಲಿ ಕರುಳಿನ ಪೊರೆ ಬೆಂದು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟಿತ್ತು. ಮೂತ್ರಪಿಂಡದ ಹಾನಿಯಂತೂ ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳಬಹುದು.

ಆದ್ದರಿಂದ ಕುಸಿದು ಬಿದ್ದ, ತೂರಾಡಿದ, ಫಿಟ್ಸ್ ಬಂದ, ರಕ್ತ ಬೆರೆತ ವಾಂತಿ-ಭೇದಿಯಾದ, ಒಸಡು ಇಟ್ಟಿಗೆಗೆಂಪು ಇಲ್ಲವೇ ನೀಲಿಯಾದ ನಾಯಿಗೆ ಮೊದಲು ಹತ್ತು ನಿಮಿಷ ನೀರು ಹಾಕಿ, ದಾರಿಯಲ್ಲೂ ಗಾಳಿ ಬೀಸುತ್ತ, ಆಸ್ಪತ್ರೆಗೆ ಒಯ್ಯಲೇಬೇಕು. ಎದ್ದು ಓಡಾಡಿದರೂ ಸರಿಯೇ.

ತಮ್ಮಲ್ಲಿ ನನ್ನ ಕೋರಿಕೆ ಮೂರು. 1962 ಸಹಾಯವಾಣಿಗೆ ಇಂಥ ಕರೆ ಬಂದಾಗ, ವಿಳಾಸ ಕೇಳುವ ಮೊದಲೇ "ನೀರು ಸುರಿಯಿರಿ, ಫ್ಯಾನ್ ಹಾಕಿರಿ" ಎಂದು ಹೇಳುವಂತೆ ಸಿಬ್ಬಂದಿಗೆ ಸೂಚಿಸಿ. ಮೇಲಿನ ಕ್ರಮಗಳನ್ನು ಪ್ರತಿ ಪಶು ಆಸ್ಪತ್ರೆಯ ಹೊರಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಕಲ್ಯಾಣ ಕರ್ನಾಟಕದಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ, ನಾಯಿಗಳು ಕುಸಿಯುವುದು ಹೆಚ್ಚಾಗಿ ಅದರ ನಂತರ. ಮಧ್ಯಾಹ್ನ 2ರಿಂದ 5ರವರೆಗೆ ಯಾವ ಆಸ್ಪತ್ರೆಯಲ್ಲಿ ವೈದ್ಯರು ಸಿಗುತ್ತಾರೆ ಎಂಬ ಪಟ್ಟಿಯನ್ನು ಜಿಲ್ಲಾವಾರು ಮಾರ್ಚ್ ಒಳಗೆ ಪ್ರಕಟಿಸಿ. ಮೊದಲೆರಡಕ್ಕೆ ಒಂದು ಸುತ್ತೋಲೆ ಮತ್ತು ಒಂದಿಷ್ಟು ಬಣ್ಣ ಸಾಕು. ಮೂರನೆಯದಕ್ಕೆ ಸರದಿ ಕೆಲಸದ ಆದೇಶ ಬೇಕು, ಅದು ತಮ್ಮ ಕೈಯಲ್ಲೇ ಇದೆ.

ಇಂತಿ,
ನಿವೃತ್ತ ಪಶುವೈದ್ಯ, ಕಲಬುರಗಿ